ಸಾಫ್ಟ್‌ವೇರ್ ಬೇಕಾದವರೇ ಪಿಆರ್‌ಡಿ ಬರೆಯುವುದು ಹೇಗೆ: ಮಂಡ್ಯದ ಒಂದು ಬೆಲ್ಲದ ಮಂಡಿಯ ಲೆಕ್ಕ

ನಾನು ಮಂಡ್ಯದ ಒಂದು ಬೆಲ್ಲದ ಮಂಡಿಯಲ್ಲಿ ಲೆಕ್ಕ ಬರೆಯುವವಳು. ಕೋಡ್ ಬರೆಯಲು ಬರುವುದಿಲ್ಲ. ಆದರೆ ನಮ್ಮ ಮಂಡಿಗೆ ಸಾಫ್ಟ್‌ವೇರ್ ಮಾಡಿಸುವಾಗ ಏನು ಬೇಕು ಅಂತ ಬರೆದುಕೊಡುವ ಕೆಲಸ ನನ್ನ ತಲೆಗೇ ಬಂತು. ಮೈಸೂರಿನ ಡೆವಲಪರ್ ತಂಡದವರು "ಮೇಡಂ, ಒಂದು ಪಿಆರ್‌ಡಿ ಕೊಡಿ" ಅಂದರು. ಅಂದರೆ ಪ್ರಾಡಕ್ಟ್ ರಿಕ್ವೈರ್‌ಮೆಂಟ್ಸ್ ಡಾಕ್ಯುಮೆಂಟ್. ನಾನು ಒಂದೂವರೆ ಪುಟ ಬರೆದು ಕಳಿಸಿದೆ. ಅದರ ಮೊದಲ ಸಾಲು ಹೀಗಿತ್ತು: "ತೂಕ ಆದ ತಕ್ಷಣ ಪಟ್ಟಿ ಪ್ರಿಂಟ್ ಆಗಬೇಕು."

ಮೂರು ವಾರ ಬಿಟ್ಟು ಮೊದಲ ಮಾದರಿ ತೋರಿಸಿದರು. ಬಟನ್ ಒತ್ತಿದರೆ ಅವತ್ತು ಬಂದ ಎಲ್ಲ ರೈತರ ಹೆಸರು ಸಾಲಾಗಿ ಪ್ರಿಂಟ್ ಆಯಿತು. ನಾನು ಹೇಳಿದ್ದನ್ನೇ ಅವರು ಮಾಡಿದ್ದರು. ಅವರ ಕನ್ನಡದಲ್ಲಿ ಪಟ್ಟಿ ಅಂದರೆ ಲಿಸ್ಟು. ನಮ್ಮ ಮಂಡಿಯಲ್ಲಿ ಪಟ್ಟಿ ಅಂದರೆ ಒಬ್ಬ ರೈತನ ಮಾಲಿನ ತೂಕ, ದರ, ಕಡಿತ, ಕೈಗೆ ಬರುವ ದುಡ್ಡು ಎಲ್ಲ ಬರೆದ ಚೀಟಿ. ತಪ್ಪು ಯಾರದು ಅಂತ ವಾದ ಮಾಡಬಹುದು. ನನ್ನದೇ ಅನ್ನಿಸಿತು.

ಎರಡನೇ ಸಲ ಬರೆದದ್ದು ಹನ್ನೊಂದು ಪುಟ ಆಯಿತು. ಅದರಿಂದ ಕೆಲಸ ನಡೆಯಿತು. ಅದನ್ನು ಹೇಗೆ ಬರೆದೆ ಅಂತ ಇಲ್ಲಿ ಹೇಳುತ್ತೇನೆ. ನಿಮ್ಮದು ಅಕ್ಕಿ ಗಿರಣಿಯೋ, ಅಗರಬತ್ತಿ ಗೋದಾಮೋ ಇರಬಹುದು. ಉದಾಹರಣೆ ಬದಲಿಸಿಕೊಳ್ಳಿ.

ಮೊದಲು ಒಂದು ದಿನ ಸುಮ್ನೆ ನೋಡಿ ಬರೆದುಕೊಳ್ಳಿ

ಕಂಪ್ಯೂಟರ್ ತೆರೆಯುವ ಮೊದಲು ಒಂದು ನೋಟ್‌ಬುಕ್ ಹಿಡಿದು ಕೂತುಕೊಳ್ಳಿ. ಮಾಲು ಬಾಗಿಲಿಗೆ ಬಂದಾಗಿನಿಂದ ರೈತನ ಕೈಗೆ ದುಡ್ಡು ಸೇರುವವರೆಗೆ ಯಾರು ಏನು ಮಾಡುತ್ತಾರೆ, ಯಾವ ಕಾಗದ ಹುಟ್ಟುತ್ತದೆ, ಅದು ಯಾರ ಕೈಗೆ ಹೋಗುತ್ತದೆ ಅಂತ ಕಂಡಂತೆ ಬರೆಯಿರಿ. ನಮ್ಮಲ್ಲಿ ಹಮಾಲರು ಮೂಟೆ ಇಳಿಸುತ್ತಾರೆ. ತೂಕದವನು ಒಂದೊಂದೇ ಮೂಟೆಯ ತೂಕ ಕೂಗುತ್ತಾನೆ. ನಾನು ಬರೆದುಕೊಳ್ಳುತ್ತೇನೆ. ದರ ನಿಂತ ಮೇಲೆ ಪಟ್ಟಿ ಹಾಕುತ್ತೇನೆ. ಯಜಮಾನರು ನೋಡಿ ಸಹಿ ಮಾಡುತ್ತಾರೆ.

ನಮಗೆ ಇದೆಲ್ಲ ಗೊತ್ತೇ ಇದೆ, ಬರೆಯುವುದೇನು ಅನ್ನಿಸುತ್ತದೆ. ಆದರೆ ದಿನಾ ಮಾಡುವ ಕೆಲಸದಲ್ಲೇ ಕಣ್ಣಿಗೆ ಬೀಳದ ನಿಯಮಗಳು ಇರುತ್ತವೆ. ಅವತ್ತು ಬರೆಯುವಾಗಲೇ ನನಗೆ ಹೊಳೆದದ್ದು: ನಾನು ಮೂಟೆ ತೂಕ, ಅಂದರೆ ಖಾಲಿ ಚೀಲದ ತೂಕ, ಕಳೆಯುವುದು ಎಲ್ಲ ಮೂಟೆ ಕೂಡಿಸಿದ ಮೇಲೆ, ಒಂದೊಂದಕ್ಕೂ ಅಲ್ಲ. ಇದನ್ನು ನಾನು ಯಾರಿಗೂ ಹೇಳಿಯೇ ಇರಲಿಲ್ಲ.

ಈ ನೋಟದ ಜೊತೆಗೆ ನಿಜವಾದ ಕಾಗದಗಳ ಫೋಟೊ ಸೇರಿಸಿ: ತುಂಬಿದ ಪಟ್ಟಿ, ಮುಂಗಡದ ಖಾತೆಯ ಒಂದು ಪುಟ, ತೂಕದ ಚೀಟಿ. ಹೆಸರು, ಫೋನ್ ನಂಬರ್ ಮರೆಮಾಡಿ. ಖಾಲಿ ನಮೂನೆ ಕೊಡಬೇಡಿ. ಖಾಲಿ ನಮೂನೆಯಲ್ಲಿ ಯಾವ ಕಾಲಂ ಯಾವತ್ತೂ ತುಂಬುವುದಿಲ್ಲ, ಅಂಚಿನಲ್ಲಿ ಪೆನ್ನಿನಿಂದ ಏನು ಗೀಚುತ್ತೇವೆ ಅನ್ನುವುದು ಕಾಣುವುದಿಲ್ಲ. ನಮ್ಮ ಡೆವಲಪರ್ ಒಬ್ಬರು ಫೋಟೊ ನೋಡಿ ಮೊದಲು ಕೇಳಿದ್ದೇ "ಅಂಚಿನಲ್ಲಿ ಇರೋ ಈ ಸುತ್ತು ಏನು ಮೇಡಂ?" ಅಂತ. ಅದು ಮರುತೂಕ ಆದ ಮೂಟೆಯ ಗುರುತು. ಅದಕ್ಕೇ ಆಮೇಲೆ ಒಂದು ನಿಯಮ ಬರೆಯಬೇಕಾಯಿತು.

ಮೊದಲ ಪುಟ: ತೊಂದರೆ ಮತ್ತು ಪದಗಳು

ಮೊದಲ ಪುಟದಲ್ಲಿ ಈಗ ಏನು ತೊಂದರೆ ಅಂತ ನಾಲ್ಕೈದು ಸಾಲು ಸಾಕು. ನಾನು ಬರೆದದ್ದು ಇಷ್ಟು: ಹಂಗಾಮಿನಲ್ಲಿ ಸಂಜೆ ಹೊತ್ತಿಗೆ ಪಟ್ಟಿಗೆ ರೈತರು ಗಂಟೆಗಟ್ಟಲೆ ಕಾಯುತ್ತಾರೆ, ಮುಂಗಡದ ಬಾಕಿ ಎಷ್ಟು ಅಂತ ತಿಳಿಯಲು ಬೇರೆ ಪುಸ್ತಕ ಹುಡುಕಬೇಕು, ಕೂಡುವಾಗ ತಪ್ಪಾಗುತ್ತದೆ. "ಆಧುನಿಕ ವ್ಯವಸ್ಥೆ ಬೇಕು" ಅಂತೆಲ್ಲ ಬರೆದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಅದರ ಕೆಳಗೆ ಪದಗಳ ಅರ್ಥ. ಪಟ್ಟಿಯ ಕಥೆ ಆದ ಮೇಲೆ ಇದನ್ನು ನಾನು ಬಿಡುವುದೇ ಇಲ್ಲ. ಪಟ್ಟಿ, ಮೂಟೆ ತೂಕ, ಮುಂಗಡ, ಹಮಾಲಿ ಅಂದರೆ ಏನು ಅಂತ ಒಂದೊಂದು ಸಾಲು. ಲಾಟ್ ಅಂದರೆ ಒಬ್ಬ ರೈತ ಒಂದು ಸಲಕ್ಕೆ ತಂದ ಒಂದೇ ಥರದ ಬೆಲ್ಲ. ಅದೇ ರೈತ ಅಚ್ಚು ಬೆಲ್ಲವನ್ನೂ ಕುರಿಕಟ್ಟು ಬೆಲ್ಲವನ್ನೂ ತಂದರೆ ಅದು ಎರಡು ಲಾಟ್, ಎರಡು ದರ. ಈ ಒಂದು ಸಾಲು ಇಲ್ಲದಿದ್ದರೆ "ಒಬ್ಬ ರೈತ, ಒಂದು ದರ" ಅಂತ ಕಟ್ಟಿಬಿಡುತ್ತಿದ್ದರು. ಅದನ್ನು ಆಮೇಲೆ ಬಿಚ್ಚುವುದು ಗೋಡೆ ಕಟ್ಟಿದ ಮೇಲೆ ಬಾಗಿಲು ಕೊರೆದ ಹಾಗೆ.

ಪರದೆಯನ್ನು ಬರೆಯಬೇಡಿ, ಕೆಲಸವನ್ನು ಬರೆಯಿರಿ

ಮೊದಲ ಸಲ ನಾನು "ಪಟ್ಟಿಯ ಪಕ್ಕ ಒಂದು ಡಿಲೀಟ್ ಬಟನ್ ಇರಲಿ" ಅಂತ ಬರೆದಿದ್ದೆ. ಕೊಟ್ಟರು. ನಮ್ಮ ಹುಡುಗ ಒಬ್ಬ ದರ ತಪ್ಪಾಗಿ ಹೊಡೆದ ಪಟ್ಟಿಯನ್ನು ಅಳಿಸಿ, ಹೊಸದಾಗಿ ಹಾಕಿದ. ಹಳೇ ನಂಬರ್ ಮಾಯ. ರೈತನ ಕೈಯಲ್ಲಿ 212ನೇ ನಂಬರಿನ ಪಟ್ಟಿ ಇದೆ, ನಮ್ಮ ಲೆಕ್ಕದಲ್ಲಿ 211 ಆದ ಮೇಲೆ 213. ಲೆಕ್ಕ ನೋಡುವವರು "ನಡುವಿನ ಪಟ್ಟಿ ಎಲ್ಲಿ?" ಅಂದರೆ ಏನು ಹೇಳುವುದು? ಇದು ಪರೀಕ್ಷೆಯ ಕಾಲದಲ್ಲೇ ಸಿಕ್ಕಿಬಿತ್ತು, ಬಚಾವಾದೆವು.

ನನಗೆ ನಿಜವಾಗಿ ಬೇಕಿದ್ದದ್ದು ಡಿಲೀಟ್ ಬಟನ್ ಅಲ್ಲ. ತಪ್ಪಾದ ಪಟ್ಟಿಯನ್ನು ಸರಿಮಾಡುವ ದಾರಿ. ಎರಡನೇ ಸಲ ಹೀಗೆ ಬರೆದೆ: "ಪ್ರಿಂಟ್ ಆಗುವ ಮೊದಲು ಗುಮಾಸ್ತರು ಏನನ್ನಾದರೂ ತಿದ್ದಬಹುದು. ಪ್ರಿಂಟ್ ಆದ ಮೇಲೆ ತಿದ್ದುವಂತಿಲ್ಲ. ಯಜಮಾನರು ಮಾತ್ರ ಕಾರಣ ಬರೆದು ರದ್ದು ಮಾಡಬಹುದು. ರದ್ದಾದ ಪಟ್ಟಿ ಅದೇ ನಂಬರಿನಲ್ಲಿ ಕಾಣುತ್ತಲೇ ಇರಬೇಕು. ಹೊಸ ಪಟ್ಟಿಗೆ ಹೊಸ ನಂಬರ್, ಅದರ ಮೇಲೆ ಹಳೇ ನಂಬರ್ ಕೂಡ." ಬಟನ್ ಎಲ್ಲಿರಬೇಕು, ಯಾವ ಬಣ್ಣ ಅನ್ನುವುದು ಅವರ ಕೆಲಸ. ಅದನ್ನು ಅವರು ನನಗಿಂತ ಚೆನ್ನಾಗಿ ಮಾಡುತ್ತಾರೆ.

ಗುರುತು ಏನು ಗೊತ್ತಾ? ನೀವು ಬರೆದ ಸಾಲಿನಲ್ಲಿ ಬಟನ್, ಡ್ರಾಪ್‌ಡೌನ್, ಪಾಪ್ಅಪ್ ಅನ್ನುವ ಮಾತು ಬಂದಿದ್ದರೆ ಅಲ್ಲಿ ನಿಂತು "ಯಾಕೆ ಬೇಕು?" ಅಂತ ಕೇಳಿಕೊಳ್ಳಿ. ಬಂದ ಉತ್ತರವೇ ಬರೆಯಬೇಕಾದ ಸಾಲು.

ಒಂದು ನಿಯಮ, ಒಂದು ಲೆಕ್ಕ

ಇಡೀ ಡಾಕ್ಯುಮೆಂಟಿನ ಜೀವ ಇರುವುದು ಇಲ್ಲೇ. ಪ್ರತಿ ನಿಯಮಕ್ಕೂ ನಂಬರ್ ಕೊಡಿ. ಫೋನಿನಲ್ಲಿ "ನಿಯಮ 3ರ ಬಗ್ಗೆ" ಅಂದರೆ ಇಬ್ಬರೂ ಒಂದೇ ಕಡೆ ನೋಡುತ್ತೀರಿ. ಮತ್ತೆ ನಿಯಮದ ಕೆಳಗೆ ಅಂಕಿ ಹಾಕಿ ಲೆಕ್ಕ ಮಾಡಿ ತೋರಿಸಿ. ಮಾತಿನಲ್ಲಿ ಬರೆದದ್ದು ಎರಡು ಥರ ಅರ್ಥ ಆಗಬಹುದು. ಅಂಕಿ ಒಂದೇ ಥರ.

ನಾನು ಕೊಟ್ಟ ಲೆಕ್ಕ ಇದು. ಅಂಕಿಗಳು ಉದಾಹರಣೆಗೆ ಮಾತ್ರ, ಇವತ್ತಿನ ದರ ಅಂತ ತಿಳಿಯಬೇಡಿ.

ಅಚ್ಚು ಬೆಲ್ಲ, 18 ಮೂಟೆ. ಒಟ್ಟು ತೂಕ 548.6 ಕೆಜಿ.
ಮೂಟೆ ತೂಕ ಅರ್ಧ ಕೆಜಿಯಂತೆ 18ಕ್ಕೆ 9 ಕೆಜಿ. ನಿವ್ವಳ 539.6 ಕೆಜಿ.
ದರ ಕ್ವಿಂಟಲ್‌ಗೆ 4,150 ರೂ. ಮಾಲಿನ ಬೆಲೆ 22,393.40 ರೂ.
ಹಮಾಲಿ ಮೂಟೆಗೆ 6 ರೂಪಾಯಿಯಂತೆ 108 ರೂ. ಉಳಿದದ್ದು 22,285.40 ರೂ.
ಮುಂಗಡಕ್ಕೆ ಹಿಡಿದದ್ದು 5,000 ರೂ. ಕೊಡಬೇಕಾದದ್ದು 17,285.40, ಅಂದರೆ 17,285 ರೂ.

ಈ ಲೆಕ್ಕ ನೋಡಿದ ಮೇಲೆ ಡೆವಲಪರ್ ಫೋನ್ ಮಾಡಿ ಕೇಳಿದರು: "ರೌಂಡ್ ಮಾಡೋದು ಕೊನೇಲಿ ಮಾತ್ರನಾ?" ಹೌದು, ಕೊನೆಯಲ್ಲಿ ಮಾತ್ರ. ಅವರ ಮೊದಲ ಮಾದರಿಯಲ್ಲಿ ನಿವ್ವಳ ತೂಕವನ್ನೇ ಪೂರ್ತಿ ಕೆಜಿಗೆ ತಂದಿದ್ದರು. 539.6 ಹೋಗಿ 540 ಆಗಿತ್ತು. ಬೆಲೆ 22,410 ರೂಪಾಯಿ, ಅಂದರೆ 16.60 ಜಾಸ್ತಿ. ಈ ಪಟ್ಟಿಯಲ್ಲಿ ರೈತನಿಗೆ ಲಾಭ. ತೂಕ 539.4 ಇದ್ದಿದ್ದರೆ ಅವನಿಗೇ ನಷ್ಟ. ಹದಿನಾರು ರೂಪಾಯಿ ದೊಡ್ಡದಲ್ಲ ಅನ್ನಿಸಬಹುದು. ಆದರೆ ರೈತ ಮನೆಗೆ ಹೋಗಿ ಮಗನ ಕೈಲಿ ಮೊಬೈಲಿನಲ್ಲಿ ಲೆಕ್ಕ ಹಾಕಿಸುತ್ತಾನೆ. ಕೂಡದಿದ್ದರೆ ಮಂಡಿಯ ಮೇಲಿನ ನಂಬಿಕೆಯೇ ಹೋಯಿತು.

ಹಾಗಾಗಿ ನಿಯಮಕ್ಕೆ ಒಂದು ಸಾಲು ಸೇರಿಸಿದೆ: "ತೂಕವನ್ನು ತಕ್ಕಡಿ ತೋರಿಸಿದಂತೆಯೇ ಇಡಬೇಕು. ಕೊನೆಯ ಮೊತ್ತವನ್ನು ಮಾತ್ರ ಹತ್ತಿರದ ರೂಪಾಯಿಗೆ ತರಬೇಕು. ಸರಿಯಾಗಿ 50 ಪೈಸೆ ಇದ್ದರೆ ಮೇಲಕ್ಕೆ." ದುಡ್ಡು, ತೂಕ, ದಿನಗಳ ಲೆಕ್ಕ ಎಲ್ಲೇ ಬರಲಿ, ಎಲ್ಲಿ ರೌಂಡ್ ಮಾಡಬೇಕು ಅಂತ ಬರೆಯಲೇಬೇಕು.

ಇದೇ ಲೆಕ್ಕದಿಂದ ಇನ್ನೊಂದು ತಪ್ಪೂ ಹೊರಬಂತು. ಬೇರೆ ಯಾವುದೋ ಊರಿನ ಮಾದರಿ ನೋಡಿ ರೈತರ ಪಟ್ಟಿಯಲ್ಲೇ ಕಮಿಷನ್ ಕಾಲಂ ಇಟ್ಟಿದ್ದರು. ನಮ್ಮ ರಾಜ್ಯದ ಎಪಿಎಂಸಿ ನಿಯಮದಲ್ಲಿ ಕಮಿಷನ್ ಖರೀದಿದಾರರಿಂದ ಬರಬೇಕು, ರೈತರಿಂದ ಹಿಡಿಯುವಂತಿಲ್ಲ. ನಾನು ಕಮಿಷನ್ ಬಗ್ಗೆ ಏನೂ ಬರೆದಿರಲಿಲ್ಲ. ಬರೆಯದೆ ಬಿಟ್ಟ ಜಾಗವನ್ನು ಅವರು ತಮಗೆ ತೋಚಿದ್ದರಲ್ಲಿ ತುಂಬಿದ್ದರು. ಕಾನೂನಿನಿಂದ ಬಂದ ನಿಯಮ ಇದ್ದರೆ "ಇದು ಕಾನೂನು, ನಮ್ಮ ಇಷ್ಟ ಅಲ್ಲ" ಅಂತ ಪಕ್ಕದಲ್ಲಿ ಬರೆಯಿರಿ.

ಎಡವುವುದು ಅಪರೂಪದ ಪ್ರಸಂಗಗಳಲ್ಲಿ

ಸರಿಯಾಗಿ ನಡೆಯುವ ಕೆಲಸವನ್ನು ಎಲ್ಲರೂ ಬರೆಯುತ್ತಾರೆ. "ಹಾಗಾಗದಿದ್ದರೆ?" ಅನ್ನುವುದನ್ನು ಬರೆಯುವುದೇ ಕಷ್ಟ.

ನಮ್ಮಲ್ಲಿ ದೊಡ್ಡ ಎಡವಟ್ಟು ಆದದ್ದು ಮುಂಗಡದಲ್ಲಿ. ಕಬ್ಬು ಕಡಿಯುವ ಮೊದಲೇ ಕೆಲವು ರೈತರು ಮಂಡಿಯಿಂದ ದುಡ್ಡು ತೆಗೆದುಕೊಂಡಿರುತ್ತಾರೆ. ನಾನು "ಮುಂಗಡ ಇದ್ದರೆ ಪಟ್ಟಿಯಲ್ಲಿ ಹಿಡಿಯಬೇಕು" ಅಂತ ಒಂದೇ ಸಾಲು ಬರೆದಿದ್ದೆ. ಮೇಲಿನ ಲೆಕ್ಕದ ರೈತನ ಮುಂಗಡ 30,000 ಅಂದುಕೊಳ್ಳಿ. ಸಾಫ್ಟ್‌ವೇರ್ ಪೂರ್ತಿ ಮೂವತ್ತು ಸಾವಿರವನ್ನೂ ಹಿಡಿಯಿತು. ಕೊಡಬೇಕಾದ ಮೊತ್ತದ ಜಾಗದಲ್ಲಿ ಮೈನಸ್ 7,715 ಅಂತ ಬಂತು! ಬೆಲ್ಲ ಕೊಟ್ಟು, ಮೇಲೆ ದುಡ್ಡೂ ಕಟ್ಟಿ ಹೋಗು ಅಂದ ಹಾಗೆ.

ನಿಜವಾಗಿ ನಡೆಯುವುದೇ ಬೇರೆ. ಯಜಮಾನರು ಪಟ್ಟಿ ನೋಡಿ "ಈ ಸಲ ಐದ್ ಸಾವ್ರ ಹಿಡ್ಕೊಮ್ಮಾ, ಅವರ ಮನೇಲಿ ಮದುವೆ ಐತೆ" ಅನ್ನುತ್ತಾರೆ. ಇನ್ನೊಬ್ಬರಿಗೆ ಏನೂ ಹಿಡಿಯುವುದಿಲ್ಲ. ಇದಕ್ಕೆ ಸೂತ್ರ ಇಲ್ಲ. ಸೂತ್ರ ಇಲ್ಲ ಅನ್ನುವುದೇ ನಿಯಮ. ಅದನ್ನು ಹೀಗೆ ಬರೆದೆ:

ನಿಯಮ 4: ಮುಂಗಡ ಹಿಡಿಯುವುದು.
ಯಾಕೆ: ಎಷ್ಟು ಹಿಡಿಯಬೇಕು ಅನ್ನುವುದು ಪ್ರತಿ ಪಟ್ಟಿಗೂ ಯಜಮಾನರ ತೀರ್ಮಾನ.
ಆಗಬೇಕಾದ್ದು: ಪಟ್ಟಿ ಹಾಕುವಾಗ ಬಾಕಿ ಮುಂಗಡ ಕಾಣಬೇಕು. ಹಿಡಿಯುವ ಮೊತ್ತ ಸೊನ್ನೆಯಿಂದ ಶುರುವಾಗಬೇಕು, ಗುಮಾಸ್ತರು ತುಂಬಬೇಕು.
ಆಗಬಾರದ್ದು: ಹಿಡಿದದ್ದು ಬಾಕಿಗಿಂತ ಜಾಸ್ತಿ ಇರಬಾರದು. ಕೊಡಬೇಕಾದ ಮೊತ್ತ ಸೊನ್ನೆಗಿಂತ ಕಡಿಮೆ ಆಗಬಾರದು. ಹಾಗೇನಾದರೂ ಆದರೆ ಪ್ರಿಂಟ್ ಆಗದೆ ನಿಲ್ಲಬೇಕು, ಯಾಕೆ ನಿಂತಿತು ಅಂತ ಕನ್ನಡದಲ್ಲಿ ಹೇಳಬೇಕು.
ಉದಾಹರಣೆ: ಬಾಕಿ 30,000. ಹಿಡಿದದ್ದು 5,000. ಪಟ್ಟಿಯ ಮೇಲೆ "ಉಳಿದ ಮುಂಗಡ 25,000" ಅಂತ ಬರಬೇಕು. ಪಟ್ಟಿ ರದ್ದಾದರೆ ಬಾಕಿ ಮತ್ತೆ 30,000 ಆಗಬೇಕು.

ಕೊನೆಯ ವಾಕ್ಯ ನೋಡಿ. ರದ್ದು ಮಾಡುವ ನಿಯಮ ಒಂದು ಕಡೆ, ಮುಂಗಡದ ನಿಯಮ ಇನ್ನೊಂದು ಕಡೆ. ಎರಡೂ ಒಂದಕ್ಕೊಂದು ತಗುಲುವ ಜಾಗದಲ್ಲಿ ಏನಾಗಬೇಕು ಅಂತ ಹೇಳಲು ನಮ್ಮಂಥವರಿಂದ ಮಾತ್ರ ಆಗುತ್ತದೆ.

ಇಂಥ ಪ್ರಸಂಗಗಳನ್ನು ಹುಡುಕಲು ತಲೆ ಕೆರೆದುಕೊಳ್ಳಬೇಕಾಗಿಲ್ಲ. ಹಳೇ ಪುಸ್ತಕ ತೆಗೆದು ಹೊಡೆದು ಹಾಕಿದ ಸಾಲು, ಬೇರೆ ಬಣ್ಣದ ಶಾಯಿ, ಪಿನ್ ಮಾಡಿದ ಚೀಟಿ ಎಲ್ಲೆಲ್ಲಿ ಇದೆ ನೋಡಿ. ಒಂದೊಂದೂ ಒಂದೊಂದು ಪ್ರಸಂಗ. ನನಗೆ ಅಪ್ಪನ ಹೆಸರಿಗೆ ಪಟ್ಟಿ, ಮಗನ ಬ್ಯಾಂಕ್ ಖಾತೆಗೆ ದುಡ್ಡು ಅನ್ನುವ ಪ್ರಸಂಗ ಸಿಕ್ಕಿದ್ದು ಹಾಗೆಯೇ.

"ಬೇಗ", "ಸುಲಭ" ಅನ್ನುವ ಪದ ಕಂಡರೆ ಹೊಡೆದು ಹಾಕಿ

"ಬೇಗ ಆಗಬೇಕು" ಅಂತ ಬರೆದರೆ ಅದನ್ನು ಯಾರೂ ಪರೀಕ್ಷೆ ಮಾಡಲು ಆಗುವುದಿಲ್ಲ. ನಾನು "ಕೊನೆಯ ಮೂಟೆಯ ತೂಕ ಹೊಡೆದ ಮೇಲೆ ಒಂದು ನಿಮಿಷದೊಳಗೆ ಪಟ್ಟಿ ಕೈಗೆ ಬರಬೇಕು" ಅಂತ ಬದಲಿಸಿದೆ. ಆಗ ಅವರು ಪ್ರಿಂಟರ್ ಯಾವುದು ಅಂತ ಕೇಳಿದರು. ನಮ್ಮದು ಡಾಟ್ ಮ್ಯಾಟ್ರಿಕ್ಸ್, ಕಾರ್ಬನ್ ಇಟ್ಟು ಎರಡು ಪ್ರತಿ ತೆಗೆಯುತ್ತೇವೆ. ಅದರಲ್ಲಿ ಇಂಗ್ಲಿಷ್ ಅಕ್ಷರ ಸರಸರ ಬರುತ್ತದೆ. ಕನ್ನಡವನ್ನು ಚಿತ್ರದ ಹಾಗೆ ಕಳಿಸಬೇಕು, ನಿಧಾನ. ಅದಕ್ಕೆ ಪಟ್ಟಿಯ ತಲೆಬರಹ, ಕಾಲಂ ಹೆಸರುಗಳನ್ನು ಕಾಗದದ ಮೇಲೆ ಮೊದಲೇ ಅಚ್ಚು ಹಾಕಿಸಿ, ಹೆಸರು ಮತ್ತು ಅಂಕಿ ಮಾತ್ರ ಪ್ರಿಂಟ್ ಮಾಡುವುದು ಅಂತ ಆಯಿತು. ಒಂದು ನಿಮಿಷ ಅನ್ನುವ ಅಂಕಿ ಇಲ್ಲದಿದ್ದರೆ ಈ ಮಾತೇ ಬರುತ್ತಿರಲಿಲ್ಲ.

ಹಾಗೆಯೇ ಕರೆಂಟ್, ನೆಟ್ ಹೋದರೆ ಏನು ಅಂತಲೂ ಬರೆಯಿರಿ. ನಾವು ನೆಟ್ ಇಲ್ಲದಿದ್ದರೂ ಪಟ್ಟಿ ಬರಲೇಬೇಕು ಅಂದೆವು.

ಹಳೇ ಮಾಹಿತಿ ಇದ್ದರೆ ಅದರ ಸ್ಥಿತಿಯನ್ನೂ ಹೇಳಿ. ನಮ್ಮ ರೈತರ ಹೆಸರುಗಳು ಎಕ್ಸೆಲ್‌ನಲ್ಲಿ ಹಳೇ ನುಡಿ ಫಾಂಟಿನಲ್ಲಿದ್ದವು. ಫಾಂಟ್ ಬದಲಿಸಿದರೆ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ, ಯಾಕೆಂದರೆ ಅದು ಯೂನಿಕೋಡ್ ಅಲ್ಲ. ಯೂನಿಕೋಡ್‌ಗೆ ಬದಲಿಸಿದ ಮೇಲೆ ಒತ್ತಕ್ಷರ ಕೆಡಬಹುದು. ಅದಕ್ಕೆ ಹೆಸರುಗಳನ್ನು ಕಣ್ಣಿಂದ ಓದಿ ನೋಡುವುದು ನನ್ನ ಕೆಲಸ ಅಂತ ಡಾಕ್ಯುಮೆಂಟಿನಲ್ಲೇ ಬರೆದುಕೊಂಡೆ. ಎರಡು ಮಧ್ಯಾಹ್ನ ಹಿಡಿಯಿತು.

ಬದಲಾಗುವ ದರಗಳಿಗೆ ತಾರೀಖು ಕೇಳಿ

ಹಮಾಲಿ ಮೂಟೆಗೆ 6 ರೂಪಾಯಿ ಅಂತ ಬರೆದರೆ ಸಾಲದು. ನಾಳೆ 7 ಆಗುತ್ತದೆ. ಆಗ ಹಳೇ ಪಟ್ಟಿಯನ್ನು ಮತ್ತೆ ಪ್ರಿಂಟ್ ಮಾಡಿದರೆ ಅದರಲ್ಲಿ 6 ಇರಬೇಕು, 7 ಅಲ್ಲ. ತೆರಿಗೆಯೂ ಹಾಗೆ. 2022ರ ಜುಲೈ 18ರಿಂದ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೆಲ್ಲಕ್ಕೆ, ಬ್ರಾಂಡ್ ಇಲ್ಲದಿದ್ದರೂ, ಶೇ 5 ಜಿಎಸ್‌ಟಿ ಬಂತು. ಹಾಗೇ ಬಿಡಿಯಾಗಿ ಮಾರುವ ಬೆಲ್ಲಕ್ಕೆ ಇಲ್ಲ. ಒಂದು ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಲೆಕ್ಕ ಬದಲಾಯಿತು. ನಿಯಮ ಹೀಗೆ ಬರೆಯಿರಿ: "ಯಾವ ದರವಾದರೂ ಯಾವ ತಾರೀಖಿನಿಂದ ಅನ್ನುವುದರ ಜೊತೆಗೇ ಇರಬೇಕು. ಅದನ್ನು ಯಜಮಾನರೇ ಬದಲಿಸುವಂತಿರಬೇಕು." ಇಲ್ಲದಿದ್ದರೆ ಒಂದು ರೂಪಾಯಿ ಬದಲಿಸಲೂ ಡೆವಲಪರ್‌ಗೆ ಫೋನ್ ಮಾಡಿ ಕಾಯಬೇಕು.

ಈಗ ಬೇಡ ಅನ್ನುವುದನ್ನೂ ಬರೆಯಿರಿ

ಯಜಮಾನರ ಮಗ ಮೊಬೈಲ್ ಆ್ಯಪ್ ಬೇಕು, ವಾಟ್ಸ್ಆ್ಯಪ್‌ಗೆ ಪಟ್ಟಿ ಹೋಗಬೇಕು, ಖರೀದಿದಾರರ ಬಿಲ್ಲೂ ಇದರಲ್ಲೇ ಬರಬೇಕು ಅಂದರು. ಎಲ್ಲ ಒಳ್ಳೆಯದೇ. ಆದರೆ ಎಲ್ಲಕ್ಕೂ "ಬೇಕೇ ಬೇಕು" ಅಂತ ಹಾಕಿದರೆ ಯಾವುದೂ ಹಂಗಾಮಿಗೆ ಸಿಗುವುದಿಲ್ಲ. ನಾನು ಒಂದೊಂದನ್ನೂ ಹಿಡಿದು ಕೇಳಿದೆ: "ಇದು ಇಲ್ಲದಿದ್ದರೆ ನಾಳೆ ಮಂಡಿ ಬಾಗಿಲು ತೆಗೆಯೋಕೆ ಆಗಲ್ವಾ?" ಆಗುತ್ತದೆ ಅಂದದ್ದೆಲ್ಲ "ಈಗ ಬೇಡ" ಅನ್ನುವ ಪುಟಕ್ಕೆ ಹೋಯಿತು. ಖರೀದಿದಾರರ ಬಿಲ್ ಅಲ್ಲಿಗೆ ಹೋದದ್ದಕ್ಕೆ ಅವರು ಎರಡು ದಿನ ಮುಖ ಊದಿಸಿಕೊಂಡಿದ್ದರು. ಆ ಪುಟ ಇದ್ದದ್ದರಿಂದ ಡೆವಲಪರ್‌ಗಳು ಮುಂದೆ ಬಿಲ್ ಸೇರಿಸಲು ಜಾಗ ಬಿಟ್ಟು ಕಟ್ಟಿದರು.

ಉತ್ತರ ಗೊತ್ತಿಲ್ಲದ ಪ್ರಶ್ನೆಗಳಿಗೂ ಒಂದು ಪುಟ ಇಡಿ. ಪ್ರಶ್ನೆ, ಯಾರು ಉತ್ತರಿಸಬೇಕು, ಯಾವಾಗ. ಫೋನಿನಲ್ಲಿ ತೀರ್ಮಾನ ಆದರೆ ಅವತ್ತೇ ಅಲ್ಲಿ ತಾರೀಖು ಹಾಕಿ ಬರೆಯಿರಿ.

ಕೊನೆಗೆ ಪರೀಕ್ಷೆಯ ಪಟ್ಟಿಗಳು

ಕೆಲಸ ಮುಗಿಯಿತು ಅಂತ ಹೇಗೆ ಹೇಳುವುದು? ನಾನು ಹಳೇ ಪುಸ್ತಕದಿಂದ 20 ಪಟ್ಟಿ ಆರಿಸಿದೆ. ಹನ್ನೆರಡು ಮಾಮೂಲಿ, ಎಂಟು ತರಲೆಯವು: ರದ್ದಾದದ್ದು, ಮರುತೂಕ ಆದದ್ದು, ಎರಡು ಲಾಟ್ ಇದ್ದದ್ದು, ಮುಂಗಡ ಬೆಲೆಗಿಂತ ಜಾಸ್ತಿ ಇದ್ದದ್ದು. "ಈ ಇಪ್ಪತ್ತೂ ಪೈಸೆಗೆ ಪೈಸೆ ಕೂಡಿದರೆ ಒಪ್ಪಿಕೊಳ್ಳುತ್ತೇವೆ" ಅಂತ ಡಾಕ್ಯುಮೆಂಟಿನ ಕೊನೆಯಲ್ಲಿ ಬರೆದೆ. ಇದನ್ನು ಕೋಡ್ ಶುರುವಾಗುವ ಮೊದಲೇ ಕೊಡಬೇಕು. ಆಮೇಲೆ ಕೊಟ್ಟರೆ ಅದು ಜಗಳಕ್ಕೆ ದಾರಿ.

ಪರೀಕ್ಷೆಯ ದಿನ ಹತ್ತೊಂಬತ್ತು ಕೂಡಿದವು. ಒಂದು ಕೂಡಲಿಲ್ಲ. 312.4 ಕೆಜಿ, ಕ್ವಿಂಟಲ್‌ಗೆ 3,980. ಸಾಫ್ಟ್‌ವೇರ್ 12,433.52 ಅಂದಿತು, ನಮ್ಮ ಪುಸ್ತಕದಲ್ಲಿ 12,343.52. ಡೆವಲಪರ್ ಪಾಪ, ಅರ್ಧ ಗಂಟೆ ತಮ್ಮ ಕೋಡ್ ತಿರುವಿದರು. ವ್ಯತ್ಯಾಸ 90. ಲೆಕ್ಕ ಬರೆಯುವವರಿಗೆ ಇದು ಹಳೇ ಗುರುತು: ವ್ಯತ್ಯಾಸ ಒಂಬತ್ತರಿಂದ ಭಾಗ ಹೋದರೆ ಬರೆಯುವಾಗ ಅಂಕಿ ಅದಲುಬದಲು ಆಗಿರಬಹುದು. ಹೌದು, 43 ಇರಬೇಕಾದ ಕಡೆ 34. ಅಕ್ಷರ ನನ್ನದೇ.

ಆ ರೈತರು ಮುಂದಿನ ವಾರ ಬೆಲ್ಲ ತಂದಾಗ ತೊಂಬತ್ತು ರೂಪಾಯಿ ಎಣಿಸಿ ಕೊಟ್ಟೆ. "ಯಾವುದಕ್ಕಕ್ಕಾ ಇದು?" ಅಂದರು. ಹೇಳಿದೆ. ಪರೀಕ್ಷೆಯ ಆ ಸಾಲಿನ ಮುಂದೆ "ಪುಸ್ತಕ ತಪ್ಪು, ಸಾಫ್ಟ್‌ವೇರ್ ಸರಿ" ಅಂತ ಬರೆದು ಯಜಮಾನರ ಸಹಿ ಹಾಕಿಸಿ ಮೈಸೂರಿಗೆ ಕಳಿಸಿದೆ.